ಊಜಿ ನೊಣ ಎಷ್ಟನೇ ಅಕ್ಷರಕ್ಕೆ ಬರುತ್ತದೆ?

ಈ ಅಂಕಣಕ್ಕೆ ಬರುವ ಪತ್ರಗಳಲ್ಲಿ ಈಚೆಗೆ ಒಂದೇ ಪ್ರಶ್ನೆ ನಾನಾ ವೇಷದಲ್ಲಿ ಬರುತ್ತಿದೆ. ಹೂವಿನ ತೋಟದ ರೀಲ್ಸ್ ಮಾಡುವವರು, ಅಡುಗೆ ತೋರಿಸುವ ಗೃಹಿಣಿಯರು, ಹಳ್ಳಿಯ ಇತಿಹಾಸ ಹೇಳುವ ಮೇಷ್ಟ್ರು, ಎಲ್ಲರದೂ ಹೆಚ್ಚುಕಡಿಮೆ ಇದೇ ಅಳಲು: ವಿಷಯ ಚೆನ್ನಾಗಿದೆ, ಪೂರ್ತಿ ನೋಡಿದವರು ಮೆಚ್ಚುತ್ತಾರೆ, ಆದರೆ ಪೂರ್ತಿ ನೋಡುವವರೇ ಸಿಗುತ್ತಿಲ್ಲ. ಮೊದಲ ಐದು ಸೆಕೆಂಡಿನಲ್ಲಿ ಏನು ಹೇಳಬೇಕು?

ಏನು ಹೇಳಬೇಕು ಎನ್ನುವುದಕ್ಕೆ ಮುಂಚೆ, ಎಷ್ಟು ಹೇಳಲು ಸಾಧ್ಯ ಎಂದು ನೋಡೋಣ. ಫೋನಿನ ಗಡಿಯಾರ ಹಿಡಿದು ಸಮಾಧಾನವಾಗಿ, ಎದುರಿಗಿದ್ದವರಿಗೆ ಅರ್ಥವಾಗುವಂತೆ ಕನ್ನಡ ಮಾತಾಡಿ. ಸೆಕೆಂಡಿಗೆ ಆರೇಳು ಅಕ್ಷರ ಬಾಯಿಂದ ಬರುತ್ತವೆ. ಒತ್ತಕ್ಷರವನ್ನೂ ಒಂದೇ ಎಂದು ಎಣಿಸಿದ ಲೆಕ್ಕ ಇದು. ಹಾಗಾದರೆ ಐದು ಸೆಕೆಂಡಿಗೆ ಮೂವತ್ತರಿಂದ ಮೂವತ್ತೈದು ಅಕ್ಷರ. ಈಗ ನಮ್ಮ ಬಹುತೇಕ ವಿಡಿಯೋಗಳು ಶುರುವಾಗುವ ಸಾಲನ್ನು ಎಣಿಸಿ: "ನಮಸ್ಕಾರ ಸ್ನೇಹಿತರೇ, ನಮ್ಮ ಚಾನೆಲ್‌ಗೆ ನಿಮಗೆಲ್ಲರಿಗೂ ಆತ್ಮೀಯವಾದ ಸ್ವಾಗತ, ಇವತ್ತಿನ ವಿಡಿಯೋದಲ್ಲಿ..." 36 ಅಕ್ಷರ. ಕೊಟ್ಟ ಕಾಲವೆಲ್ಲ ಮುಗಿಯಿತು, ವಿಷಯದ ಒಂದು ಅಕ್ಷರವೂ ಇನ್ನೂ ಹೊರಗೆ ಬಂದಿಲ್ಲ.

ಸ್ವಾಗತ ಕೋರುವುದು ಕೆಟ್ಟ ಅಭ್ಯಾಸ ಎಂದು ನಾನು ಹೇಳುತ್ತಿಲ್ಲ. ಅದು ಬೇರೆ ಜಾಗದ ಅಭ್ಯಾಸ. ಯೂಟ್ಯೂಬಿನ ದೊಡ್ಡ ವಿಡಿಯೋ ನೋಡುವವನು ಮೊದಲು ಚಿತ್ರ ನೋಡುತ್ತಾನೆ, ಶೀರ್ಷಿಕೆ ಓದುತ್ತಾನೆ, ನೋಡೋಣ ಎಂದು ತಾನೇ ತೀರ್ಮಾನಿಸಿ ಒತ್ತುತ್ತಾನೆ. ಬಾಗಿಲಿಗೆ ಬಂದವನಿಗೆ "ಬನ್ನಿ, ಕೂತ್ಕೊಳ್ಳಿ" ಎಂದರೆ ತಪ್ಪಿಲ್ಲ. ಶಾರ್ಟ್ಸ್ ಮತ್ತು ರೀಲ್ಸ್‌ನಲ್ಲಿ ಅವನು ನಿಮ್ಮ ಬಾಗಿಲಿಗೆ ಬಂದೇ ಇಲ್ಲ. ಹಿಂದಿನ ವಿಡಿಯೋವನ್ನು ಬೆರಳಿನಿಂದ ಮೇಲಕ್ಕೆ ತಳ್ಳಿದ, ಕೆಳಗಿನಿಂದ ನಿಮ್ಮದು ಬಂತು, ಅಷ್ಟೇ. ಶೀರ್ಷಿಕೆಯನ್ನು ಅವನು ಓದಿಲ್ಲ, ನಿಮ್ಮ ಹೆಸರು ಗೊತ್ತಿಲ್ಲ, ಬೆರಳು ಇನ್ನೂ ಗಾಜಿನ ಮೇಲೇ ಇದೆ. ದೊಡ್ಡ ವಿಡಿಯೋದಲ್ಲಿ ಶೀರ್ಷಿಕೆ ಮಾಡುತ್ತಿದ್ದ ಕೆಲಸವನ್ನು ಇಲ್ಲಿ ಮೊದಲ ಚಿತ್ರ ಮತ್ತು ಮೊದಲ ವಾಕ್ಯ ಮಾಡಬೇಕು.

ಇದರ ಮೇಲೆ ಕನ್ನಡಕ್ಕೇ ಇರುವ ಒಂದು ತೊಡಕಿದೆ. ಹುಕ್ ಬರೆಯುವುದು ಹೇಗೆಂದು ಕಲಿಸುವ ಇಂಗ್ಲಿಷ್ ವಿಡಿಯೋಗಳನ್ನು ನೋಡಿಕೊಂಡು ಬಂದವರು ಈ ತೊಡಕನ್ನು ಗಮನಿಸುವುದಿಲ್ಲ. ಇಂಗ್ಲಿಷಿನಲ್ಲಿ ಕ್ರಿಯಾಪದ ವಾಕ್ಯದ ಮೊದಲ ಅರ್ಧದಲ್ಲೇ ಬಂದುಬಿಡುತ್ತದೆ. ನಮ್ಮಲ್ಲಿ ಅದು ಕೊನೆಗೆ ಬರುತ್ತದೆ. ಅದರ ಹಿಂದೆ "ಇರುವ", "ಆದ", "ಎಂಬ" ಪೋಣಿಸುತ್ತ ಎಷ್ಟು ವಿಶೇಷಣ ಬೇಕಾದರೂ ಸೇರಿಸಬಹುದು. ಪತ್ರಿಕೆಯಲ್ಲಿ ಓದುವಾಗ ಕಣ್ಣು ಒಂದೇ ನೋಟಕ್ಕೆ ಇಡೀ ಸಾಲನ್ನು ಹಿಡಿಯುತ್ತದೆ, ತೊಂದರೆಯಿಲ್ಲ. ಕಿವಿಗೆ ಆ ಅನುಕೂಲವಿಲ್ಲ. ಕ್ರಿಯಾಪದ ಬರುವ ತನಕ ಏನು ನಡೆಯಿತು ಎಂಬುದೇ ಅದಕ್ಕೆ ಗೊತ್ತಾಗುವುದಿಲ್ಲ.

ಇದು ನಿಜಕ್ಕೂ ಎಲ್ಲಿ ಕೈಕೊಡುತ್ತದೆ ಎಂದು ತೋರಿಸಲು ಮಂಚೇನಹಳ್ಳಿ ಪಕ್ಕದ ಹಳ್ಳಿಯ ಹುಡುಗನೊಬ್ಬನ ಸ್ಕ್ರಿಪ್ಟ್ ತೆಗೆದುಕೊಳ್ಳುತ್ತೇನೆ. ಮನೆಯಲ್ಲಿ ಹಿಪ್ಪುನೇರಳೆ ತೋಟ, ಹುಳು ಮನೆ ಇದೆ. ಗೂಡು ಹೋಗುವುದು ಶಿಡ್ಲಘಟ್ಟದ ಮಾರುಕಟ್ಟೆಗೆ. ಓದಿದ ಹುಡುಗ, ರೇಷ್ಮೆ ಬಗ್ಗೆ ಒಂದು ನಿಮಿಷದ ವಿಡಿಯೋ ಮಾಡುತ್ತಾನೆ. ಅವನು ಕಳಿಸಿದ ಸ್ಕ್ರಿಪ್ಟ್ ಊಜಿ ನೊಣದ್ದು. ಒಳಗಿನ ವಿಷಯಕ್ಕೆ ಬೆರಳಿಡುವಂತಿರಲಿಲ್ಲ. ಈ ನೊಣ ಬೆಳೆಯುತ್ತಿರುವ ರೇಷ್ಮೆ ಹುಳುವಿನ ಮೈಮೇಲೆ ಸಾಸಿವೆಗಿಂತ ಸಣ್ಣ ಬಿಳಿ ಮೊಟ್ಟೆ ಇಡುತ್ತದೆ. ಎರಡು ಮೂರು ದಿನಕ್ಕೆ ಮೊಟ್ಟೆಯಿಂದ ಮರಿ ಬಂದು ಚರ್ಮ ಕೊರೆದು ಒಳಗೆ ಹೋಗುತ್ತದೆ, ಹೋದ ಜಾಗದಲ್ಲಿ ಕಪ್ಪು ಕಲೆ ಉಳಿಯುತ್ತದೆ. ಒಳಗೇ ಒಂದು ವಾರದಷ್ಟು ತಿಂದು ಬೆಳೆದು ಹೊರಬರುತ್ತದೆ. ನಾಲ್ಕನೇ ಜ್ವರಕ್ಕೆ ಮುಂಚೆ ಹೀಗಾದರೆ ಹುಳು ಗೂಡು ಕಟ್ಟುವ ಮೊದಲೇ ಸಾಯುತ್ತದೆ. ಜ್ವರ ಎದ್ದ ಮೇಲೆ ಆದರೆ ಹುಳು ಹೇಗೋ ಚಂದ್ರಿಕೆ ಹತ್ತಿ ಗೂಡು ಕಟ್ಟೀತು, ಆದರೆ ಮರಿ ಆ ಗೂಡನ್ನು ತೂತು ಮಾಡಿಕೊಂಡು ಹೊರಗೆ ಬರುತ್ತದೆ. ತೂತಾದ ಗೂಡಿನಲ್ಲಿ ನೂಲು ಅಲ್ಲಲ್ಲಿ ತುಂಡಾಗಿರುತ್ತದೆ, ಬಿಚ್ಚಲು ಬರುವುದಿಲ್ಲ, ರೀಲರ್ ಅದನ್ನು ಮುಟ್ಟುವುದಿಲ್ಲ. ಇಷ್ಟೆಲ್ಲ ಗೊತ್ತಿದ್ದ ಹುಡುಗ ಸ್ಕ್ರಿಪ್ಟ್ ಶುರು ಮಾಡಿದ್ದು ಹೀಗೆ:

"ರೇಷ್ಮೆ ಕೃಷಿಯಲ್ಲಿ ರೈತರು ಎದುರಿಸುತ್ತಿರುವ ಪ್ರಮುಖ ಸಮಸ್ಯೆಗಳಲ್ಲಿ ಒಂದಾದ ಊಜಿ ನೊಣದ ಹಾವಳಿಯನ್ನು ತಡೆಗಟ್ಟುವುದು ಹೇಗೆ ಎಂಬುದನ್ನು ಇಂದು ತಿಳಿಯೋಣ."

ವ್ಯಾಕರಣದಲ್ಲಿ ದೋಷವಿಲ್ಲ, ಇಲಾಖೆಯ ಕೈಪಿಡಿಗಾದರೆ ಸೊಗಸಾದ ವಾಕ್ಯ. ಈಗ ಬೆರಳು ಮಡಚಿ ಎಣಿಸಿ. "ಊಜಿ" ಎಂಬ ಮಾತು ಬರುವುದು 28 ಅಕ್ಷರ ಕಳೆದ ಮೇಲೆ, ಅಂದರೆ ನಾಲ್ಕು ಸೆಕೆಂಡು ದಾಟಿದ ಮೇಲೆ. ಅಲ್ಲಿಯವರೆಗೆ ಕೇಳಿಸಿದ್ದು ಯಾವ ಬೆಳೆಗೆ ಬೇಕಾದರೂ ಅಂಟಿಸಬಹುದಾದ ಮಾತು. "ಟೊಮೆಟೊ ಕೃಷಿಯಲ್ಲಿ" ಎಂದರೂ ಅದೇ, "ದ್ರಾಕ್ಷಿ ಕೃಷಿಯಲ್ಲಿ" ಎಂದರೂ ಅದೇ. ಯಾವ ರೈತನಿಗೆ ಇದು ಬೇಕಿತ್ತೋ ಅವನು ಕೂಡ "ಸಮಸ್ಯೆಗಳಲ್ಲಿ" ಎನ್ನುವ ಹೊತ್ತಿಗೆ ಮುಂದಕ್ಕೆ ಹೋಗಿರುತ್ತಾನೆ. ಅವನಿಗೆ ಆಸಕ್ತಿ ಇಲ್ಲದೆ ಅಲ್ಲ, ಇದು ತನಗೆ ಎಂದು ಅವನಿಗೆ ಇನ್ನೂ ತಿಳಿದೇ ಇಲ್ಲ.

ಇದನ್ನು ಹೇಳಿದಾಗ ಹುಡುಗ ಒಂದು ಸ್ವಾರಸ್ಯದ ಸಂಗತಿ ಮುಂದೆ ತಂದ. ಊಜಿ ಕರ್ನಾಟಕದ್ದಲ್ಲ, 1980ರಲ್ಲಿ ಪಶ್ಚಿಮ ಬಂಗಾಳದ ಕಡೆಯಿಂದ ಗೂಡಿನ ಜೊತೆ ಬಂದದ್ದು. "ಇದರಿಂದ ಶುರು ಮಾಡ್ಲಾ ಸಾರ್?" ಎಂದು ಕೇಳಿದ. ಬೇಡ ಎಂದೆ. ಸಂಗತಿ ನಿಜ, ನನಗೂ ಇಷ್ಟ. ಆದರೆ ಹುಳು ಮನೆಯಲ್ಲಿ ಸಾಯುತ್ತಿರುವ ಹುಳು ಇಟ್ಟುಕೊಂಡವನಿಗೆ ನೊಣದ ಊರು ಯಾವುದಾದರೇನು? ಬರೆಯುವವನಿಗೆ ಸ್ವಾರಸ್ಯ ಅನ್ನಿಸಿದ್ದೆಲ್ಲ ನೋಡುವವನನ್ನು ಹಿಡಿದು ನಿಲ್ಲಿಸುವುದಿಲ್ಲ. ಅದನ್ನು ನಲವತ್ತನೇ ಸೆಕೆಂಡಿನಲ್ಲಿ ಹೇಳಬಹುದು, ಅಲ್ಲಿಯವರೆಗೆ ಉಳಿದವನು ಅದನ್ನೂ ಕೇಳಿಸಿಕೊಳ್ಳುತ್ತಾನೆ.

ಆಮೇಲೆ ಅವನು ಇನ್ನೊಂದು ತುದಿಗೆ ಹೋದ. "ಈ ಒಂದು ನೊಣ ನಿಮ್ಮ ಲಕ್ಷಾಂತರ ರೂಪಾಯಿ ನುಂಗುತ್ತೆ! ಕೊನೇವರೆಗೂ ನೋಡಿ!" ಇದು ಬೇಗ ಶುರುವಾಗುತ್ತದೆ ನಿಜ, ನೊಣವೂ ಬೇಗ ಬಂತು. ಆದರೆ ಕೇಳುವವನು ರೇಷ್ಮೆ ಬೆಳೆಗಾರ. ನೂರು ಮೊಟ್ಟೆ ಮೇಯಿಸಿದರೆ ಅರವತ್ತು ಎಪ್ಪತ್ತು ಕಿಲೋ ಗೂಡು ಬಂದರೆ ಒಳ್ಳೆ ಬೆಳೆ ಎಂದು ಅವನಿಗೆ ಗೊತ್ತು, ಆ ದಿನದ ಹರಾಜಿನ ರೇಟೂ ಗೊತ್ತು. ಲಕ್ಷಾಂತರ ಎಂದೊಡನೆ ಅವನು ಮನಸ್ಸಿನಲ್ಲೇ ಗುಣಿಸಿ ನೋಡಿ, ಇವನು ಹುಳು ಮೇಯಿಸಿದವನಲ್ಲ ಎಂದು ತೀರ್ಮಾನಿಸುತ್ತಾನೆ. ಗೊತ್ತಿಲ್ಲದವರನ್ನು ಒಂದು ಸಲ ಹೀಗೆ ನಿಲ್ಲಿಸಬಹುದು. ಗೊತ್ತಿದ್ದವರು ಇನ್ನೊಮ್ಮೆ ನಿಲ್ಲುವುದಿಲ್ಲ, ಮತ್ತು ಈ ಹುಡುಗನಿಗೆ ಬೇಕಾಗಿದ್ದವರು ಅವರೇ. ಇನ್ನು "ಕೊನೇವರೆಗೂ ನೋಡಿ" ಎನ್ನುವುದಕ್ಕೆ ಏಳು ಅಕ್ಷರ ದಂಡ. ಯಾಕೆ ನೋಡಬೇಕೆಂದು ಹೇಳಬೇಕಾದ ಜಾಗದಲ್ಲಿ ನೋಡಿ ಎಂದು ಬೇಡಿಕೊಂಡಂತೆ.

ಆಗ ಅವನಿಗೆ ನಾನು ಕೇಳಿದ್ದು ಇಷ್ಟು: ನಿಮ್ಮ ಮನೆಯಲ್ಲಿ ಊಜಿ ಬಿದ್ದಿರುವುದನ್ನು ಮೊದಲು ಕಾಣುವವರು ಯಾರು, ಕಂಡಾಗ ಏನಂತಾರೆ? ಹುಡುಗ ಯೋಚನೆಯೇ ಮಾಡಲಿಲ್ಲ. "ಅಮ್ಮ ಸಾರ್. ಸೊಪ್ಪು ಹಾಕ್ತಾ ಹಾಕ್ತಾ, ಲೇ ಚುಕ್ಕೆ ಬಿದ್ದೈತೆ ನೋಡೋ ಅಂತಾಳೆ." ಆ ಮಾತಿನಲ್ಲಿ ಕೃಷಿ ಇಲ್ಲ, ಸಮಸ್ಯೆ ಇಲ್ಲ, ಹಾವಳಿ ಇಲ್ಲ. ಕಣ್ಣಿಗೆ ಕಾಣುವ ಒಂದು ಗುರುತಿದೆ, ಕ್ರಿಯಾಪದ ಪಕ್ಕದಲ್ಲೇ ಇದೆ. ಕೊನೆಗೆ ನಿಂತ ಸಾಲು ಹೀಗೆ:

"ಹುಳದ ಮೈಮೇಲೆ ಈ ಚುಕ್ಕೆ ಬಿದ್ದೈತಾ? ಊಜಿ ಮರಿ ಆಗ್ಲೇ ಒಳಗೈತೆ."

22 ಅಕ್ಷರ. ಹದಿಮೂರನೆಯ ಅಕ್ಷರಕ್ಕೆ ಊಜಿ ಬಂತು. ಮಾತು ಮೂರೂವರೆ ಸೆಕೆಂಡಿಗೆ ಮುಗಿಯುತ್ತದೆ. ಉಳಿದ ಒಂದೂವರೆ ಸೆಕೆಂಡು ಸುಮ್ಮನೆ ಬಿಡಲು ಹೇಳಿದೆ, ನೋಡುವವನು ಆ ಚುಕ್ಕೆಯನ್ನು ದಿಟ್ಟಿಸಲಿ. ಮೊದಲ ವಾಕ್ಯ ಅವನ ಹುಳು ಮನೆಯನ್ನು ನೆನಪಿಸುತ್ತದೆ, ಎರಡನೆಯದು ತಡವಾಗಿದೆ ಎಂದು ಹೇಳುತ್ತದೆ. ಈಗ ಏನು ಮಾಡಬೇಕೆಂದು ಹೇಳುವುದಿಲ್ಲ. ಹೇಳದೆ ಉಳಿಸಿಕೊಂಡ ಆ ಒಂದು ಮಾತಿಗಾಗಿಯೇ ಅವನು ಆರನೇ ಸೆಕೆಂಡಿಗೆ ಬರುತ್ತಾನೆ. ಹುಕ್ ಎಂದರೆ ನನ್ನ ಮಟ್ಟಿಗೆ ಇಷ್ಟೆ: ಇದು ನನ್ನ ವಿಷಯ ಎಂದು ತಿಳಿಯಬೇಕು, ಮತ್ತು ಒಂದು ಸ್ಪಷ್ಟವಾದ ಮಾತು ಬಾಕಿ ಉಳಿದಿರಬೇಕು. ಎರಡರಲ್ಲಿ ಒಂದೇ ಇದ್ದರೆ ಸಾಲದು. ಬಾಕಿ ಮಾತ್ರ ಇದ್ದರೆ ಅದು ಒಗಟು, ಗುರುತು ಮಾತ್ರ ಇದ್ದರೆ ಅದು ಮಾಹಿತಿ ಫಲಕ.

"ಐತೆ" ಎಂದು ಹೇಳಬಹುದಾ ಎಂದು ಅವನಿಗೆ ಅನುಮಾನವಿತ್ತು. ಚಿಕ್ಕಬಳ್ಳಾಪುರ, ಶಿಡ್ಲಘಟ್ಟ, ಚಿಂತಾಮಣಿ ಕಡೆಯ ಬೆಳೆಗಾರ ಕೇಳುವಾಗ "ಇದೆ"ಗಿಂತ "ಐತೆ" ಬೇಗ ತಲುಪುತ್ತದೆ, ಮಾತಾಡುವವನು ನಮ್ಮವನು ಎಂಬ ಖಾತ್ರಿಯೂ ಅದರಲ್ಲಿದೆ. ಆದರೆ ಮನೆಯಲ್ಲಿ ಹಾಗೆ ಮಾತಾಡದವರು ವಿಡಿಯೋಗೆಂದು ಹಳ್ಳಿ ಮಾತು ಎರವಲು ತರಬೇಡಿ, ಎರಡೇ ಪದಕ್ಕೆ ಗೊತ್ತಾಗಿಬಿಡುತ್ತದೆ.

ಇಲ್ಲಿ ಒಂದು ಎಚ್ಚರಿಕೆಯ ಮಾತೂ ಇದೆ. ಸ್ಕ್ರಿಪ್ಟನ್ನು ರೇಷ್ಮೆ ಬಲ್ಲ ಹಿರಿಯರೊಬ್ಬರಿಗೆ ತೋರಿಸಿದಾಗ ಅವರು ಕೂಡಲೇ ತಡೆದರು. ಹುಳುವಿನ ಮೈಮೇಲೆ ಕಪ್ಪು ಚುಕ್ಕೆ ಗಂಟುರೋಗದಲ್ಲೂ ಕಾಣಬಹುದು. ಅದರಲ್ಲಿ ಮೈತುಂಬ ಮೆಣಸಿನ ಪುಡಿ ಉದುರಿಸಿದಂತೆ ಸಣ್ಣ ಸಣ್ಣ ಚುಕ್ಕೆ, ಊಜಿಯದಾದರೆ ಒಂದೋ ಎರಡೋ ದಪ್ಪ ಕಲೆ. ಎರಡಕ್ಕೂ ಮಾಡಬೇಕಾದದ್ದು ಬೇರೆ ಬೇರೆ. ಹುಕ್ಕಿನಲ್ಲಿ ಇದನ್ನೆಲ್ಲ ವಿವರಿಸಲು ಜಾಗವಿಲ್ಲ, ಹಾಗೆಂದು ಬಿಟ್ಟುಬಿಡುವಂತೆಯೂ ಇಲ್ಲ. "ಈ ಚುಕ್ಕೆ" ಎಂಬ ಮಾತಿನ "ಈ" ನಿಜವಾಗಬೇಕಾದರೆ ಚಿತ್ರದಲ್ಲಿ ಆ ಒಂದು ಕಲೆ ನಿಚ್ಚಳವಾಗಿ ಕಾಣಬೇಕು, ಮತ್ತು ಹನ್ನೆರಡನೇ ಸೆಕೆಂಡಿನ ಹೊತ್ತಿಗೆ ಎರಡರ ವ್ಯತ್ಯಾಸ ಬಾಯಲ್ಲಿ ಬರಬೇಕು. ಐದು ಸೆಕೆಂಡಿಗಾಗಿ ಕತ್ತರಿಸಿದ ಸತ್ಯವನ್ನು ಮುಂದಿನ ಹತ್ತು ಸೆಕೆಂಡಿನೊಳಗೆ ಮರಳಿ ಜೋಡಿಸಲೇಬೇಕು. ಅದು ಆಗದಿದ್ದರೆ ಹುಕ್ ಬದಲಿಸಿ.

ಚಿತ್ರದ ಮಾತು ಬಂದದ್ದರಿಂದ ಹೇಳುತ್ತೇನೆ: ಸ್ಕ್ರಿಪ್ಟ್ ಬರೆಯುವವರು ಮಾತನ್ನಷ್ಟೇ ಬರೆದು ಚಿತ್ರವನ್ನು ಶೂಟಿಂಗ್ ದಿನಕ್ಕೆ ಬಿಡುತ್ತಾರೆ. ಕಿವಿಗೆ ಮೊದಲ ಪದ ಮುಟ್ಟುವ ಮುಂಚೆ ಕಣ್ಣು ಮೊದಲ ಫ್ರೇಮ್ ನೋಡಿ ಆಗಿರುತ್ತದೆ. ಹುಡುಗನ ಹಳೆಯ ವಿಡಿಯೋಗಳೆಲ್ಲ ಅವನ ಮುಖದಿಂದ ಶುರುವಾಗುತ್ತಿದ್ದವು: ಫೋನಿನ ಬಟನ್ ಒತ್ತಿ ಕೈ ಹಿಂದಕ್ಕೆ ತೆಗೆಯುವುದು, ಉಸಿರೆಳೆದುಕೊಳ್ಳುವುದು, ಆಮೇಲೆ ಮಾತು. ಹೀಗೆ ಒಂದು ಸೆಕೆಂಡು ಸುಮ್ಮನೆ ಹೋಗುತ್ತದೆ. ಈಗ ಸ್ಕ್ರಿಪ್ಟಿನಲ್ಲಿ ಮಾತಿನ ಎದುರಿಗೇ ಬರೆದಿದ್ದೇವೆ: ಸೊಪ್ಪಿನ ಮೇಲೆ ಹುಳು, ಹತ್ತಿರದಿಂದ, ಕಲೆ ಪರದೆಯ ನಡುವೆ, ಪಕ್ಕದಲ್ಲಿ ಬೆರಳ ತುದಿ. ಹತ್ತಿರದಿಂದ ಹಿಡಿದಾಗ ಫೋನಿನ ಫೋಕಸ್ ಹಿಂದೆ ಮುಂದೆ ಓಡಾಡುತ್ತದೆ. ಅದಕ್ಕೆ ಪರದೆಯ ಮೇಲೆ ಹುಳುವನ್ನು ಒತ್ತಿ ಹಿಡಿದು ಫೋಕಸ್ ನಿಲ್ಲಿಸಿ, ಆಮೇಲೆ ಶೂಟ್ ಮಾಡಿ, ಆರಂಭದ ಮಸುಕು ಭಾಗವನ್ನು ಕತ್ತರಿಸಬೇಕು. ಮುಖ ಆರನೇ ಸೆಕೆಂಡಿಗೆ ಬಂದರೆ ಸಾಕು.

ಪರದೆಯ ಮೇಲಿನ ಅಕ್ಷರದ ಕಥೆ ಬೇರೆ. ಬಸ್ಸಿನಲ್ಲಿ, ಅಂಗಡಿಯಲ್ಲಿ ಸದ್ದಿಲ್ಲದೆ ನೋಡುವವರಿಗೆ ಇದೇ ಹುಕ್. ಬಾಯಲ್ಲಿ ಹೇಳಿದ್ದನ್ನೇ ಅಲ್ಲಿ ಬರೆದರೆ ಒಂದು ಅವಕಾಶ ಹಾಳು. ಬಾಯಿ ಗುರುತನ್ನು ಹೇಳುತ್ತಿರುವಾಗ ಬರಹ ನಷ್ಟವನ್ನು ಹೇಳಲಿ: "ತೂತು ಗೂಡು ಶುರುವಾಗೋದು ಇಲ್ಲಿ". ಚಿತ್ರ ಮತ್ತು ಈ ನಾಲ್ಕು ಪದ ಇದ್ದರೆ ಕಿವಿ ಬೇಕಿಲ್ಲ. ಬರಹವನ್ನು ಪರದೆಯ ತಳಕ್ಕೆ ಹಾಕಬೇಡಿ, ಅಲ್ಲಿ ವಿಡಿಯೋದ ಶೀರ್ಷಿಕೆ ಮತ್ತು ನಿಮ್ಮ ಹೆಸರು ಬಂದು ಕೂರುತ್ತವೆ. ಬಲ ಅಂಚಿನಲ್ಲಿ ಲೈಕ್, ಶೇರ್ ಗುಂಡಿಗಳು. ನಡುವಿಗಿಂತ ಸ್ವಲ್ಪ ಮೇಲೆ, ಎಡಕ್ಕೆ ಒತ್ತಿ ಇಟ್ಟರೆ ಕ್ಷೇಮ.

ಇಷ್ಟು ಮಾಡಿಯೂ ಹೆಚ್ಚಿನವರು ಎಡವುವುದು ಆರನೇ ಸೆಕೆಂಡಿನಲ್ಲಿ. ಹುಕ್ ಅನ್ನು ಬೇರೆಯಾಗಿ ಬರೆದು ಹಳೆಯ ಸ್ಕ್ರಿಪ್ಟಿನ ತಲೆಗೆ ಅಂಟಿಸಿರುತ್ತಾರೆ. "ಊಜಿ ಮರಿ ಆಗ್ಲೇ ಒಳಗೈತೆ" ಆದೊಡನೆ "ನಮಸ್ಕಾರ ಸ್ನೇಹಿತರೇ" ಎಂದು ಶುರುವಾಗುತ್ತದೆ. ಹುಟ್ಟಿಸಿದ ಪ್ರಶ್ನೆಗೆ ಉತ್ತರದ ಮೊದಲ ತುಂಡು ತಕ್ಷಣ ಬರಬೇಕು. ಈ ಸ್ಕ್ರಿಪ್ಟಿನಲ್ಲಿ ಮುಂದಿನ ಸಾಲು ಹೀಗೆ ಬಂತು: "ಈ ಹುಳ ಇನ್ನು ಉಳಿಯಲ್ಲ. ಇದನ್ನ ಈಗ್ಲೇ ಆರಿಸಿ ತೆಗೀರಿ, ಒಳಗಿನ ಮರಿ ಹೊರಗೆ ಬಿದ್ದು ನೊಣ ಆಗ್ಬಾರ್ದು." ನಿಷ್ಠುರವಾದ ಸತ್ಯ, ಆದರೆ ಕೇಳಿದ ಪ್ರಶ್ನೆಗೆ ನೇರ ಉತ್ತರ. ಅಲ್ಲಿಂದ ಚುಕ್ಕೆಗೆ ಮುಂಚಿನ ಬಿಳಿ ಮೊಟ್ಟೆಯನ್ನು ಗುರುತಿಸುವುದು, ಹುಳು ಮನೆಯ ಕಿಟಕಿ ಬಾಗಿಲಿಗೆ ನೈಲಾನ್ ಪರದೆ ಕಟ್ಟುವುದು, ಮೂಲೆ ಬಿರುಕುಗಳಲ್ಲಿ ಸೇರಿಕೊಂಡ ಊಜಿ ಕೋಶಗಳನ್ನು ಹುಡುಕಿ ನಾಶ ಮಾಡುವುದು, ಹೀಗೆ ಒಂದರಿಂದ ಒಂದು ಬರುತ್ತದೆ. ಹೆಸರು, ಊರು, ಚಾನೆಲ್ಲು ಕೊನೆಗೆ. ಪೂರ್ತಿ ನೋಡಿದವನಿಗೆ ಮಾತ್ರ ನೀವು ಯಾರೆಂದು ತಿಳಿಯುವ ಆಸೆ ಇರುತ್ತದೆ.

ಹುಕ್ ಕೆಲಸ ಮಾಡಿತೋ ಇಲ್ಲವೋ ಎಂದು ತಿಳಿಯಲು ವ್ಯೂಸ್ ನೋಡಬೇಡಿ. 2025ರ ಮಾರ್ಚ್ 31ರಿಂದ ಯೂಟ್ಯೂಬ್ ಶಾರ್ಟ್ಸ್‌ನಲ್ಲಿ ವಿಡಿಯೋ ಓಡಲು ಶುರುವಾದರೆ ಸಾಕು, ಒಂದು ವ್ಯೂ. ಇಷ್ಟು ಹೊತ್ತು ನೋಡಿರಬೇಕು ಎಂಬ ಕನಿಷ್ಠ ಮಿತಿಯೇ ಇಲ್ಲ. ಅರ್ಧ ಸೆಕೆಂಡಿಗೆ ತಳ್ಳಿ ಹೋದವನೂ ಆ ಲೆಕ್ಕದಲ್ಲಿದ್ದಾನೆ. ನೋಡಬೇಕಾದದ್ದು ಯೂಟ್ಯೂಬ್ ಸ್ಟುಡಿಯೋದಲ್ಲಿ ಎಷ್ಟು ಮಂದಿ ನಿಂತು ನೋಡಿದರು, ಎಷ್ಟು ಮಂದಿ ಸರಿಸಿ ಹೋದರು ಎಂಬ ಭಾಗ, ಮತ್ತು ಅದರ ಜೊತೆಗಿರುವ ಗೆರೆ. ಆ ಗೆರೆಯನ್ನು ಓದುವ ಬಗೆ ಸುಲಭ. ಶುರುವಿನ ಒಂದೆರಡು ಸೆಕೆಂಡಿನಲ್ಲೇ ದಬಕ್ಕನೆ ಬಿದ್ದಿದ್ದರೆ ಮಾತಿನ ತಪ್ಪಲ್ಲ, ಮೊದಲ ಚಿತ್ರದ ತಪ್ಪು, ಮಾತು ಕೇಳುವಷ್ಟು ಹೊತ್ತು ಅವರು ನಿಂತೇ ಇಲ್ಲ. ಐದರವರೆಗೆ ಚೆನ್ನಾಗಿದ್ದು ಆರೇಳರಲ್ಲಿ ಬಿದ್ದರೆ ಹುಕ್ ಕೊಟ್ಟ ಮಾತನ್ನು ಮುಂದಿನ ಸಾಲು ಉಳಿಸಿಕೊಂಡಿಲ್ಲ. ಎಲ್ಲೂ ಹಠಾತ್ತನೆ ಬೀಳದೆ ನಿಧಾನಕ್ಕೆ ಇಳಿದಿದ್ದರೆ ಹುಕ್ಕಿನ ತಂಟೆಗೆ ಹೋಗಬೇಡಿ, ವಿಡಿಯೋ ಉದ್ದವಾಗಿದೆ. ಇನ್ನೊಂದು: ಊಜಿ ವಿಡಿಯೋದ ಸರಿಸಿ ಹೋದವರ ಪಾಲು ಹೆಚ್ಚೇ ಇರುತ್ತದೆ. ಹುಳು ಮೇಯಿಸದವರಿಗೆ ಅದು ಹುಳುವಿನ ಚಿತ್ರ, ಅಸಹ್ಯಪಟ್ಟುಕೊಂಡು ಹೋಗುತ್ತಾರೆ. ಹೋಗಲಿ ಬಿಡಿ. ಅಡುಗೆ ವಿಡಿಯೋದ ಸಂಖ್ಯೆಯ ಪಕ್ಕದಲ್ಲಿ ಇದನ್ನಿಟ್ಟು ಕೊರಗಬೇಕಾಗಿಲ್ಲ, ನಿಮ್ಮದೇ ಹಿಂದಿನ ರೇಷ್ಮೆ ವಿಡಿಯೋ ಜೊತೆ ಹೋಲಿಸಿ.

ಇದೆಲ್ಲ ಉಪಯೋಗಕ್ಕೆ ಬರುವ ವಿಷಯದಲ್ಲಿ ಸರಿ, ಇತಿಹಾಸಕ್ಕೆ ಹೇಗೆ ಎಂದು ಗೌರಿಬಿದನೂರು ಕಡೆಯ ಶಿಕ್ಷಕಿಯೊಬ್ಬರು ಕೇಳಿದ್ದಾರೆ. ಅವರ ವಿಷಯ ವಿದುರಾಶ್ವತ್ಥ. ಆರಂಭದ ಸಾಲು "ಕರ್ನಾಟಕದ ಜಲಿಯನ್‌ವಾಲಾಬಾಗ್ ಎಲ್ಲಿದೆ ಗೊತ್ತಾ?" ಎಲ್ಲರೂ ಹೀಗೇ ಶುರು ಮಾಡುತ್ತಾರೆ, ನನಗೆ ಇದು ಹಿಡಿಸುವುದಿಲ್ಲ. ಉತ್ತರ ಒಂದೇ ಪದದ್ದು. ಗೊತ್ತಿದ್ದವನು ಗೊತ್ತು ಎಂದುಕೊಂಡು ಹೋಗುತ್ತಾನೆ, ಗೊತ್ತಿಲ್ಲದವನು ಜಲಿಯನ್‌ವಾಲಾಬಾಗ್ ಎಂದೊಡನೆ ಬ್ರಿಟಿಷ್ ಸೈನ್ಯ, ಜನರಲ್ ಡಯರ್ ಎಂದು ಚಿತ್ರ ಕಟ್ಟಿಕೊಂಡು, ಉಳಿದ ಕಥೆ ತನಗೆ ತಿಳಿದಂತೆಯೇ ಎಂದು ಬಗೆದು ಹೋಗುತ್ತಾನೆ. ವಿಚಿತ್ರವೆಂದರೆ ಈ ಊರಿನ ಘಟನೆಯಲ್ಲಿ ಗಟ್ಟಿಯಾದ ಹುಕ್ ಇರುವುದೇ ಆ ಚಿತ್ರ ತಪ್ಪು ಎಂಬಲ್ಲಿ. 1938ರ ಏಪ್ರಿಲ್ 25ರಂದು ವಿದುರಾಶ್ವತ್ಥದಲ್ಲಿ ಧ್ವಜ ಸತ್ಯಾಗ್ರಹಕ್ಕೆ ಸೇರಿದ್ದವರ ಮೇಲೆ ಗುಂಡು ಹಾರಿಸಿದ್ದು ಬ್ರಿಟಿಷರಲ್ಲ, ಮೈಸೂರು ಸಂಸ್ಥಾನದ ಪೊಲೀಸರು. ಮಹಾರಾಜರ ಆಳ್ವಿಕೆ, ಸರ್ ಮಿರ್ಜಾ ಇಸ್ಮಾಯಿಲ್ ದಿವಾನರು. ಹಾಗಾಗಿ ನಾನು ಕೊಟ್ಟ ಸಲಹೆ ಇದು:

"ವಿದುರಾಶ್ವತ್ಥದಲ್ಲಿ ಬಾವುಟ ಹಿಡಿದವರ ಮೇಲೆ ಗುಂಡು. ಹಾರಿಸಿದ್ದು ಬ್ರಿಟಿಷರಲ್ಲ."

28 ಅಕ್ಷರ. ಇಸವಿಯನ್ನು ಬಾಯಲ್ಲಿ ಹೇಳಬೇಡಿ ಎಂದೆ. "ಸಾವಿರದ ಒಂಬೈನೂರ ಮೂವತ್ತೆಂಟು" ಎಂದರೆ 12 ಅಕ್ಷರ, ಎರಡು ಸೆಕೆಂಡು. ಪರದೆಯ ಮೇಲೆ 1938 ಎಂದು ಬರೆದರೆ ಅರೆಗಳಿಗೆ. ಆರನೇ ಸೆಕೆಂಡಿಗೆ ಸಂಸ್ಥಾನದ ಪೊಲೀಸರ ವಿಷಯ ಬಂದುಬಿಡಬೇಕು, ಕೊನೆಯವರೆಗೆ ಬಚ್ಚಿಟ್ಟು ಎಳೆಯುವುದು ಬೇಡ. ಅದಾದ ಮೇಲೆ ಹೇಳಲು ಇನ್ನೂ ದೊಡ್ಡದಿದೆ: ಈ ಘಟನೆಯ ಬೆನ್ನಿಗೇ ಸರ್ದಾರ್ ಪಟೇಲರು ಮೈಸೂರಿಗೆ ಬಂದು ಮಾತುಕತೆಯಾಗಿ, ಸಂಸ್ಥಾನದ ಧ್ವಜದ ಜೊತೆಗೆ ಕಾಂಗ್ರೆಸ್ ಬಾವುಟವನ್ನೂ ಹಾರಿಸಲು ಒಪ್ಪಿಗೆ ಸಿಕ್ಕಿತು.

ಸತ್ತವರ ಸಂಖ್ಯೆಯನ್ನು ಹುಕ್ಕಿಗೆ ಹಾಕಬೇಕೆಂದು ಆ ಶಿಕ್ಷಕಿಗೆ ಆಸೆ ಇತ್ತು. 32 ಜನ ಎಂದು ಎಲ್ಲೆಡೆ ಹೇಳುತ್ತಾರೆ, ಸರ್ಕಾರ ಆಗ ಒಪ್ಪಿಕೊಂಡ ಸಂಖ್ಯೆ ಅದಕ್ಕಿಂತ ತೀರ ಕಡಿಮೆ. ಎರಡು ಲೆಕ್ಕಗಳಿವೆ ಎಂದು ವಿವರಿಸಲು ಐದು ಸೆಕೆಂಡು ಸಾಲದು, ಒಂದನ್ನೇ ಹೇಳಿ ಇನ್ನೊಂದನ್ನು ನುಂಗುವುದು ಪಾಠ ಹೇಳುವವರಿಗೆ ಒಪ್ಪುವ ಕೆಲಸವಲ್ಲ. ಸಂಖ್ಯೆ ನಡುವಿನಲ್ಲಿ ಬರಲಿ, ಎರಡೂ ಬರಲಿ. ಹಿನ್ನೆಲೆಗೆ ಸಿನಿಮಾದ ಡಬ ಡಬ ಸಂಗೀತವೂ ಬೇಡ ಎಂದಿದ್ದೇನೆ, ಅದನ್ನು ಅವರು ಒಪ್ಪುತ್ತಾರೋ ಇಲ್ಲವೋ ಕಾಣೆ.

ಎರಡು ಉದಾಹರಣೆಗಳಲ್ಲೂ ಕೆಲಸದ ಕ್ರಮ ಒಂದೇ ಇತ್ತು. ಸ್ಕ್ರಿಪ್ಟಿನ ಒಡಲನ್ನು ಮೊದಲು ಪೂರ್ತಿ ಬರೆದು, ಅದರೊಳಗೆ ಎಲ್ಲೋ ಇಪ್ಪತ್ತು ಮೂವತ್ತನೇ ಸೆಕೆಂಡಿನಲ್ಲಿ ಕೂತಿದ್ದ ಸಂಗತಿಯನ್ನು ಎತ್ತಿ ಮುಂದಕ್ಕೆ ತಂದದ್ದು. ಹುಡುಗನ ಸ್ಕ್ರಿಪ್ಟಿನಲ್ಲಿ ಕಪ್ಪು ಕಲೆ ನಡುವೆ ಎಲ್ಲೋ ಇತ್ತು, ಶಿಕ್ಷಕಿಯದರಲ್ಲಿ ಸಂಸ್ಥಾನದ ಪೊಲೀಸರು ಕೊನೆಯ ಸಾಲಿನಲ್ಲಿದ್ದರು. ಖಾಲಿ ಹಾಳೆಯ ಮುಂದೆ ಕೂತು ಹುಕ್ಕಿಗಾಗಿ ತಲೆ ಕೆರೆದುಕೊಳ್ಳುವವರಿಗೆ "ಲಕ್ಷಾಂತರ ರೂಪಾಯಿ" ಬಿಟ್ಟು ಬೇರೇನೂ ಹೊಳೆಯದಿರುವುದು ಇದಕ್ಕೇ. ಒಡಲನ್ನು ಪೂರ್ತಿ ಹುಡುಕಿದರೂ ಮುಂದಕ್ಕೆ ತರಲು ಏನೂ ಸಿಗದಿದ್ದರೆ ಆ ವಿಡಿಯೋ ಮಾಡುವ ಅಗತ್ಯವಿದೆಯೇ ಎಂದು ಒಮ್ಮೆ ಕೇಳಿಕೊಳ್ಳಿ.

ಇನ್ನು ಮುಂದೆ ಈ ಅಂಕಣಕ್ಕೆ ಸ್ಕ್ರಿಪ್ಟ್ ಕಳಿಸುವವರಲ್ಲಿ ಒಂದು ಕೋರಿಕೆ. ಇಡೀ ಸ್ಕ್ರಿಪ್ಟ್ ಬೇಡ. ಮೊದಲ ಎರಡು ವಾಕ್ಯ, ಅವುಗಳ ಅಕ್ಷರದ ಎಣಿಕೆ, ಮತ್ತು ಆ ಹೊತ್ತಿಗೆ ಪರದೆಯ ಮೇಲೆ ಏನು ಕಾಣುತ್ತದೆ ಎಂಬ ಒಂದು ಸಾಲು, ಇಷ್ಟನ್ನೇ ಕಾರ್ಡಿನಲ್ಲಿ ಬರೆದು ಕಳಿಸಿ.